ಹಾಕಿದ ದುಡ್ಡು, ಬಿಟ್ಟ ದುಡ್ಡು: ಒಂದು ಬೇಕರಿಯ ಲೆಕ್ಕದ ಸುತ್ತ ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡುವುದು ನನ್ನ ವೃತ್ತಿ. ಅಂಗಡಿ ಮುಚ್ಚಬೇಕೋ ನಡೆಸಬೇಕೋ ಎಂಬ ಪ್ರಶ್ನೆ ಹೊತ್ತು ಬರುವವರು ಸಾಮಾನ್ಯವಾಗಿ ಎರಡು ತಪ್ಪು ಮಾಡಿರುತ್ತಾರೆ. ಲೆಕ್ಕಕ್ಕೆ ಬರಬಾರದ ಒಂದು ಮೊತ್ತವನ್ನು ಸೇರಿಸಿಕೊಂಡಿರುತ್ತಾರೆ, ಬರಲೇಬೇಕಾದ ಇನ್ನೊಂದನ್ನು ಬಿಟ್ಟಿರುತ್ತಾರೆ. ಮೊದಲನೆಯದಕ್ಕೆ ಮುಳುಗಿದ ವೆಚ್ಚ ಎಂದು ಹೆಸರು, ಎರಡನೆಯದಕ್ಕೆ ಅವಕಾಶ ವೆಚ್ಚ. ಎರಡನ್ನೂ ಒಂದೇ ಬೇಕರಿಯ ಲೆಕ್ಕದ ಮೇಲೆ ವಿವರಿಸುತ್ತೇನೆ. ಯಾರ ಗುರುತೂ ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ, ಅಂಕಿಗಳನ್ನು ದುಂಡಾಗಿಸಿದ್ದೇನೆ.

ಮುಳುಗಿದ ವೆಚ್ಚ ಎಂದರೆ ನಷ್ಟವೇ?

ಅಲ್ಲ. ನೀವು ಇನ್ನು ಮುಂದೆ ಏನೇ ತೀರ್ಮಾನಿಸಿದರೂ ವಾಪಸು ಬಾರದ ಹಣ ಮುಳುಗಿದ ವೆಚ್ಚ. ಲಾಭದಲ್ಲಿರುವ ಅಂಗಡಿಯಲ್ಲೂ ಅದು ಇರುತ್ತದೆ. ಗೋಡೆಗೆ ಅಂಟಿಸಿದ ಟೈಲ್ಸ್, ಬೋರ್ಡು ಬರೆಸಿದ ಖರ್ಚು, ಉದ್ಘಾಟನೆಯ ದಿನ ಹಂಚಿದ ಸಿಹಿ, ಇವೆಲ್ಲ ಮೊದಲ ದಿನವೇ ಮುಳುಗಿದವು.

‘ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ’ ಎಂಬ ಗಾದೆ ಗೊತ್ತಿದ್ದವರಿಗೆ ಇದು ಹೊಸ ಮಾತೇನಲ್ಲ. ಆದರೆ ಗಾದೆ ಚಿಂತೆಯನ್ನು ಕುರಿತದ್ದು. ವ್ಯಾಪಾರದಲ್ಲಿ ಕೆಡುಕು ಮಾಡುವುದು ಚಿಂತೆಯಲ್ಲ, ಕೂಡುವಿಕೆ. ಆ ಹಣವನ್ನು ಮುಂದಿನ ಲೆಕ್ಕದೊಳಗೆ ತಂದು ಕೂಡಿಸಿದಾಗಲೇ ತೀರ್ಮಾನ ದಾರಿ ತಪ್ಪುವುದು.

ಹಾಗಾದರೆ ಹಾಕಿದ ಬಂಡವಾಳವೆಲ್ಲ ಮುಳುಗಿದ್ದೇ?

ಇಲ್ಲ. ಬೇಕರಿಗೇ ಬರೋಣ. ಮಾಲೀಕರಿಗೆ ಸ್ವಂತ ಕಟ್ಟಡದಲ್ಲಿ ಒಂದು ಹಳೆಯ ಅಂಗಡಿ ಇತ್ತು. ಒಂದೂವರೆ ವರ್ಷದ ಹಿಂದೆ ಬಸ್ ನಿಲ್ದಾಣದ ರಸ್ತೆಯಲ್ಲಿ ಬಾಡಿಗೆಗೆ ಮಳಿಗೆ ಹಿಡಿದು ಎರಡನೆಯದನ್ನು ತೆರೆದರು. ಒಟ್ಟು 14 ಲಕ್ಷ ರೂಪಾಯಿ ಹಾಕಿದ್ದರು. ಅದರಲ್ಲಿ 6 ಲಕ್ಷ ಒಳಾಂಗಣಕ್ಕೆ, 5 ಲಕ್ಷ ಓವನ್, ಹಿಟ್ಟು ಕಲಸುವ ಮಿಕ್ಸರ್ ಮತ್ತು ಫ್ರಿಜ್‌ಗೆ, 3 ಲಕ್ಷ ಕಟ್ಟಡದ ಮಾಲೀಕರಿಗೆ ಅಡ್ವಾನ್ಸ್.

ಇಂದೇ ಬೀಗ ಹಾಕಿದರೆ ಎಷ್ಟು ಕೈಗೆ ಬರುತ್ತದೆ ಎಂದು ಒಂದೊಂದಾಗಿ ಕೇಳಿದೆ. ಅಡ್ವಾನ್ಸ್‌ನಲ್ಲಿ ನಮ್ಮ ಕಡೆಯ ವಾಡಿಕೆಯಂತೆ ಬಣ್ಣ ಬಳಿಸುವುದಕ್ಕೆಂದು ಒಂದು ತಿಂಗಳ ಬಾಡಿಗೆ, ಅಂದರೆ 28,000 ರೂಪಾಯಿ, ಹಿಡಿದುಕೊಂಡು ಉಳಿದ 2,72,000 ಕೊಡುತ್ತಾರೆ. ಯಂತ್ರಗಳಿಗೆ ಹಳೆಯ ಸಾಮಾನಿನ ವ್ಯಾಪಾರಿ ಹೇಳಿದ ಬೆಲೆ 2,20,000. ಗಾಜಿನ ಕೌಂಟರುಗಳಿಗೆ 8,000. ಕೂಡಿದರೆ 5 ಲಕ್ಷ.

ಹಾಗಾಗಿ ಮುಳುಗಿದ್ದು 9 ಲಕ್ಷ, ಇನ್ನೂ ಜೀವ ಇರುವುದು 5 ಲಕ್ಷ. ಈ ವಿಂಗಡಣೆಯನ್ನು ಮನಸ್ಸಿನಲ್ಲೇ ಮಾಡಿಕೊಳ್ಳಬೇಡಿ. ಹಳೆಯ ಸಾಮಾನು ಕೊಳ್ಳುವವರನ್ನು ಕರೆಸಿ ಬೆಲೆ ಕೇಳಿ, ಬಾಡಿಗೆ ಕರಾರು ತೆರೆದು ಓದಿ. ತಮ್ಮ ಓವನ್‌ಗೆ ಖರೀದಿಯ ಹತ್ತಿರದ ಬೆಲೆ ಬಂದೇ ಬರುತ್ತದೆ ಎಂದು ನಂಬಿರುವವರೇ ಹೆಚ್ಚು.

ತಿಂಗಳಿಗೆ 12,000 ಉಳಿಯುತ್ತಿದೆ. ಮತ್ತೇಕೆ ಮುಚ್ಚುವ ಮಾತು?

ಇದು ಅವರೇ ಕೇಳಿದ ಪ್ರಶ್ನೆ. ಹೊಸ ಅಂಗಡಿಯ ತಿಂಗಳ ಮಾರಾಟ 2,70,000. ಮೈದಾ, ಸಕ್ಕರೆ, ವನಸ್ಪತಿ, ಪ್ಯಾಕಿಂಗ್ ಸೇರಿ ಸಾಮಗ್ರಿಗೆ 1,45,000, ಸಂಬಳಕ್ಕೆ 62,000, ಬಾಡಿಗೆ 28,000, ಗ್ಯಾಸು ಮತ್ತು ಕರೆಂಟಿಗೆ 23,000. ಉಳಿಯುವುದು 12,000. ‘ಕಡಿಮೆಯೇ, ಒಪ್ಪುತ್ತೇನೆ. ಆದರೆ 14 ಲಕ್ಷ ಹಾಕಿದ್ದೇನಲ್ಲ ಸ್ವಾಮಿ, ಅಸಲಾದರೂ ಬರಲಿ, ಆಮೇಲೆ ಮುಚ್ಚೋಣ’ ಎಂದರು.

ತಿಂಗಳಿಗೆ 12,000ದಂತೆ 14 ಲಕ್ಷ ಬರಲು ಒಂಬತ್ತು ವರ್ಷಕ್ಕೂ ಹೆಚ್ಚು ಬೇಕು. ಆದರೆ ನಾನು ಅದನ್ನು ಹೇಳಲಿಲ್ಲ. ಹೇಳಿದ್ದರೆ ನಾನೂ ಅದೇ ತಪ್ಪು ಲೆಕ್ಕದೊಳಗೆ ಕಾಲಿಟ್ಟಂತಾಗುತ್ತಿತ್ತು. ಅಸಲು ಎಷ್ಟು ವರ್ಷಕ್ಕೆ ಬರುತ್ತದೆ ಎಂಬುದು ದುಡ್ಡು ಹಾಕುವ ಮೊದಲು ಕೇಳಬೇಕಾದ ಪ್ರಶ್ನೆ. ಈಗ ಕೇಳಬೇಕಾದದ್ದು ಬೇರೆ: ಜೀವ ಇರುವ ಆ 5 ಲಕ್ಷ ಮತ್ತು ನಿಮ್ಮ ಹೊತ್ತು, ಇವೆರಡನ್ನೂ ಇಲ್ಲಿ ಕಟ್ಟಿಹಾಕದಿದ್ದರೆ ಬೇರೆಡೆ ಎಷ್ಟು ದುಡಿಯುತ್ತಿದ್ದವು?

ಅವರಿಗೆ ಬ್ಯಾಂಕಿನಲ್ಲಿ 6 ಲಕ್ಷದ ಸಾಲ ಬಾಕಿ ಇತ್ತು, ಬಡ್ಡಿ ಶೇಕಡ 12. ಕೈಗೆ ಬರುವ 5 ಲಕ್ಷವನ್ನು ಅದಕ್ಕೆ ಕಟ್ಟಿದರೆ ತಿಂಗಳಿಗೆ 5,000 ಬಡ್ಡಿ ಉಳಿಯುತ್ತದೆ. ಹೊತ್ತಿನ ವಿಷಯ ಇನ್ನೂ ದೊಡ್ಡದು. ದಿನಕ್ಕೆ ಐದಾರು ಗಂಟೆ ಹೊಸ ಅಂಗಡಿಯಲ್ಲಿ ಕಳೆಯುತ್ತಿದ್ದುದರಿಂದ ಒಂದು ಹಾಸ್ಟೆಲ್‌ಗೆ ಪ್ರತಿದಿನ ಬ್ರೆಡ್, ಬನ್ ಕೊಡುವ ಆರ್ಡರನ್ನು ಅವರು ಬೇಡವೆಂದಿದ್ದರು. ‘ನೋಡಿಕೊಳ್ಳುವವರು ಯಾರು?’ ಎಂದು ಅವರ ಹೆಂಡತಿಯೇ ಕೇಳಿದ್ದರಂತೆ. ಆ ಆರ್ಡರು ಹಿಡಿದಿದ್ದರೆ ಸಾಮಗ್ರಿ ಮತ್ತು ಹೆಚ್ಚುವರಿ ಕೂಲಿ ಕಳೆದು ತಿಂಗಳಿಗೆ 22,000 ಉಳಿಯುತ್ತಿತ್ತು. ಹಾಸ್ಟೆಲ್‌ನವರಿಗೆ ಈಗಲೂ ಬ್ರೆಡ್ ಬೇಕಾಗಿತ್ತು.

ಹೀಗೆ ಮುಚ್ಚಿದರೆ ಸಿಗುವುದು 27,000, ನಡೆಸಿದರೆ ಸಿಗುವುದು 12,000. ಆ 27,000ವೇ ಹೊಸ ಅಂಗಡಿಯ ಅವಕಾಶ ವೆಚ್ಚ. ಪುಸ್ತಕದಲ್ಲಿ ಲಾಭ ತೋರಿಸುತ್ತಿದ್ದ ಅಂಗಡಿಯಿಂದ ಮನೆಗೆ ತಿಂಗಳಿಗೆ 15,000 ಕಡಿಮೆ ಬರುತ್ತಿತ್ತು.

ಈ ಖರ್ಚು ಲೆಕ್ಕದ ಪುಸ್ತಕದಲ್ಲಿ ಏಕೆ ಕಾಣುವುದಿಲ್ಲ?

ಪುಸ್ತಕದಲ್ಲಿ ನಡೆದ ವ್ಯವಹಾರ ಮಾತ್ರ ಬರುತ್ತದೆ. ಹಾಸ್ಟೆಲ್‌ನವರಿಗೆ ಫೋನಿನಲ್ಲಿ ಬೇಡವೆಂದದ್ದಕ್ಕೆ ರಸೀದಿ ಇಲ್ಲ, ವೋಚರ್ ಇಲ್ಲ. ನಮ್ಮಂಥ ಲೆಕ್ಕಿಗರು ವರ್ಷದ ಕೊನೆಗೆ ಕೊಡುವ ಲಾಭನಷ್ಟದ ಪಟ್ಟಿ ತೆರಿಗೆಗೆ ಸರಿ, ಬ್ಯಾಂಕಿಗೆ ಸರಿ. ಮುಚ್ಚಬೇಕೋ ನಡೆಸಬೇಕೋ ಎಂಬುದಕ್ಕೆ ಅದರಲ್ಲಿ ಉತ್ತರ ಹುಡುಕುವುದು ಪಂಚಾಂಗದಲ್ಲಿ ಬಸ್ಸಿನ ವೇಳೆ ಹುಡುಕಿದಂತೆ.

ಬಿಟ್ಟ ಅವಕಾಶಗಳನ್ನೆಲ್ಲ ಕೂಡಿಸಬೇಕೇ?

ಬೇಡ. ಒಂದು ವಸ್ತುವಿಗೆ ಒಂದೇ ಅವಕಾಶ, ಬಿಟ್ಟವುಗಳಲ್ಲಿ ಎಲ್ಲಕ್ಕಿಂತ ಉತ್ತಮವಾದದ್ದು. 5 ಲಕ್ಷವನ್ನು ಸಾಲಕ್ಕೆ ಕಟ್ಟಿದರೆ ಅದನ್ನೇ ಬ್ಯಾಂಕಿನಲ್ಲಿ ಠೇವಣಿಯಾಗಿಯೂ ಇಡಲಾಗದು. ಶೇಕಡ 12ರ ಸಾಲ ಇರುವಾಗ ಅದನ್ನು ತೀರಿಸುವುದೇ ಒಳ್ಳೆಯದು, ಹಾಗಾಗಿ ಠೇವಣಿಯ ಬಡ್ಡಿ ಲೆಕ್ಕಕ್ಕೆ ಬರಲಿಲ್ಲ. ಹಣ ಮತ್ತು ಹೊತ್ತು ಬೇರೆ ಬೇರೆ ವಸ್ತುಗಳಾದ್ದರಿಂದ ಮಾತ್ರ ಎರಡನ್ನೂ ಕೂಡಿದೆವು.

ಇನ್ನೊಂದು ಎಚ್ಚರಿಕೆ. ಆ ಅವಕಾಶ ನಿಜವಾಗಿ ನಿಮ್ಮ ಮುಂದಿರಬೇಕು. ‘ಅದೇ ದುಡ್ಡಿಗೆ ಹತ್ತು ವರ್ಷದ ಹಿಂದೆ ಸೈಟು ತೆಗೆದಿದ್ದರೆ’ ಎನ್ನುವುದು ಅವಕಾಶ ವೆಚ್ಚವಲ್ಲ, ಜಗಲಿಯ ಮೇಲಿನ ಹರಟೆ.

ಕಂತು ಕಟ್ಟುವುದಿದೆಯಲ್ಲ, ಅದನ್ನು ಏಕೆ ಕಳೆಯಲಿಲ್ಲ?

ಅಂಗಡಿ ತೆರೆದಿದ್ದರೂ ಮುಚ್ಚಿದ್ದರೂ ಬ್ಯಾಂಕಿನ ಕಂತು ತಪ್ಪುವುದಿಲ್ಲ, ಮುಚ್ಚಿದರೆ ಉಳಿಯುವ ಬಡ್ಡಿಯನ್ನು ಆಗಲೇ ಲೆಕ್ಕಕ್ಕೆ ಹಿಡಿದಿದ್ದೇವೆ. ಎರಡೂ ಕಡೆ ಒಂದೇ ಆಗಿರುವ ಮೊತ್ತ ತೀರ್ಮಾನವನ್ನು ಯಾವ ಕಡೆಗೂ ವಾಲಿಸಲಾರದು. ಆದರೂ ಜನ ಕಂತನ್ನು ಎರಡು ರೀತಿಯಲ್ಲಿ ತಪ್ಪಾಗಿ ಬಳಸುತ್ತಾರೆ. ಕೆಲವರು ಅದನ್ನು ಅಂಗಡಿಯ ಖರ್ಚಿಗೆ ಸೇರಿಸಿ, ಚೆನ್ನಾಗಿ ನಡೆಯುತ್ತಿರುವ ವ್ಯಾಪಾರವನ್ನೂ ನಷ್ಟವೆಂದು ಮುಚ್ಚುತ್ತಾರೆ. ಇನ್ನು ಕೆಲವರು ‘ಕಂತಿನಷ್ಟು ಬಂದರೆ ಸಾಕು’ ಎಂದು ಸೊರಗಿದ ವ್ಯಾಪಾರವನ್ನು ಎಳೆಯುತ್ತಾರೆ.

ಕೈಯಲ್ಲಿ ನಗದು ಇದೆಯೇ, ಮುಂದಿನ ತಿಂಗಳ ಕಂತಿಗೆ ಏನು ಗತಿ ಎಂಬುದು ಖಂಡಿತ ಮುಖ್ಯ. ಆದರೆ ಅದು ಬೇರೆ ಕಾಗದದಲ್ಲಿ ಬರೆಯಬೇಕಾದ ಲೆಕ್ಕ.

ಯಂತ್ರದ ಸವಕಳಿ?

ಖರೀದಿಯ 5 ಲಕ್ಷದ ಮೇಲೆ ಲೆಕ್ಕಿಗರು ಹಾಕುವ ಸವಕಳಿ ಇಲ್ಲಿ ಉಪಯೋಗಕ್ಕಿಲ್ಲ, ಅದು ಹಳೆಯ ಬೆಲೆಯನ್ನು ವರ್ಷಗಳ ಮೇಲೆ ಹರಡುವ ವಿಧಾನ ಅಷ್ಟೆ. ಬೇಕಾದದ್ದು ಮರುಮಾರಾಟದ ಬೆಲೆ ಎಷ್ಟು ಕುಸಿಯುತ್ತದೆ ಎಂಬುದು. ಇಂದು 2,20,000 ಬರುವ ಯಂತ್ರಗಳಿಗೆ ಇನ್ನೊಂದು ವರ್ಷ ದುಡಿಸಿದ ಮೇಲೆ 1,72,000 ಬರುವುದಾದರೆ, ನಡೆಸುವುದರಿಂದ ತಿಂಗಳಿಗೆ 4,000 ಕರಗುತ್ತದೆ. ಹಾಗೆ ನೋಡಿದರೆ ಹೊಸ ಅಂಗಡಿಯಿಂದ ಬರುತ್ತಿದ್ದದ್ದು 12,000 ಅಲ್ಲ, 8,000. ಅಂತರ 15,000ದಿಂದ 19,000ಕ್ಕೆ ಏರಿತು.

ಹಾಗಾದರೆ ಮುಳುಗಿದ ವೆಚ್ಚ ಮರೆಯಿರಿ ಎಂದರೆ ಮುಚ್ಚಿರಿ ಎಂದೇ ಅರ್ಥವೇ?

ಇಲ್ಲವೇ ಇಲ್ಲ. ಈ ವಿಷಯ ಓದಿದವರೂ ಎಡವುವುದು ಇಲ್ಲೇ. ಅದೇ ಬೇಕರಿಯ ಬಾಡಿಗೆ ಕರಾರಿನಲ್ಲಿ ಇನ್ನು ಆರು ತಿಂಗಳು ಬಿಡುವಂತಿಲ್ಲ, ಬಿಟ್ಟರೂ ಬಾಡಿಗೆ ಕೊಡಲೇಬೇಕು ಎಂಬ ಷರತ್ತು ಇತ್ತು ಎಂದುಕೊಳ್ಳಿ. ಆಗ ತಿಂಗಳ 28,000 ಬಾಡಿಗೆ ಎರಡೂ ಕಡೆ ಹೋಗುವ ಹಣ. ಅದನ್ನು ಲೆಕ್ಕದಿಂದ ತೆಗೆದರೆ ನಡೆಸುವುದರಿಂದ ಸಿಗುವುದು 40,000, ಯಂತ್ರದ ಕುಸಿತ ಕಳೆದು 36,000. ಇತ್ತ ಅಡ್ವಾನ್ಸ್ ಕೂಡ ಆರು ತಿಂಗಳು ಸಿಗುವುದಿಲ್ಲವಾದ್ದರಿಂದ ಸಾಲಕ್ಕೆ ಕಟ್ಟಬಹುದಾದದ್ದು ಯಂತ್ರ, ಕೌಂಟರುಗಳ 2,28,000 ಮಾತ್ರ. ಬಡ್ಡಿಯ ಉಳಿತಾಯ ಎರಡು ಸಾವಿರ ಚಿಲ್ಲರೆಗೆ ಇಳಿಯುತ್ತದೆ, ಹಾಸ್ಟೆಲ್ ಆರ್ಡರಿನ 22,000 ಸೇರಿ ಸುಮಾರು 24,000. ಈಗ ನಡೆಸುವುದೇ ಲಾಭ. ಆರು ತಿಂಗಳು ನಡೆಸಿ, ಅವಧಿ ಮುಗಿಯುವ ದಿನಕ್ಕೆ ಸರಿಯಾಗಿ ಖಾಲಿ ಮಾಡುವಂತೆ ಮೊದಲೇ ನೋಟಿಸ್ ಕೊಡಬೇಕು.

ಅರ್ಧ ಮುಗಿದ ಕೆಲಸದಲ್ಲೂ ಹೀಗೆಯೇ. ಒಳಾಂಗಣಕ್ಕೆ 6 ಲಕ್ಷದಲ್ಲಿ 5 ಲಕ್ಷ ಖರ್ಚಾಗಿದೆ, ಅಷ್ಟರಲ್ಲಿ ಪಕ್ಕದಲ್ಲೇ ಇನ್ನೊಂದು ಬೇಕರಿ ಬಂದು ನಿರೀಕ್ಷಿಸಿದ ಲಾಭ ಅರ್ಧವಾಯಿತು. ‘6 ಲಕ್ಷಕ್ಕೆ ಇಷ್ಟು ಕಡಿಮೆ ಲಾಭವೇ, ಬೇಡ’ ಎಂದು ಬಿಟ್ಟರೆ ಅದೂ ಮುಳುಗಿದ ವೆಚ್ಚದ ತಪ್ಪೇ. ಈಗ ತೆರಬೇಕಾದದ್ದು ಇನ್ನು 1 ಲಕ್ಷ, ಆ ಒಂದು ಲಕ್ಷಕ್ಕೆ ಅರ್ಧ ಲಾಭ ಹೆಚ್ಚೋ ಕಡಿಮೆಯೋ ಎಂಬುದಷ್ಟೇ ಪ್ರಶ್ನೆ.

ಇದಕ್ಕೆ ಎದುರಾದ, ಸುರಿದ ದುಡ್ಡಿಗಾಗಿಯೇ ಕೆಲಸ ಮುಂದುವರಿಸುವ ತಪ್ಪಿಗೆ ಕಾನ್‌ಕಾರ್ಡ್ ವಿಮಾನದ ಹೆಸರು ಅಂಟಿಕೊಂಡಿದೆ. ಬ್ರಿಟನ್ ಮತ್ತು ಫ್ರಾನ್ಸ್ 1962ರಲ್ಲಿ ಒಪ್ಪಂದ ಮಾಡಿಕೊಂಡು ಆರಂಭಿಸಿದ ಆ ಯೋಜನೆಯ ಖರ್ಚು ಅಂದಾಜನ್ನು ಎಷ್ಟೋ ಪಟ್ಟು ಮೀರಿತು. ಇಷ್ಟು ಸುರಿದ ಮೇಲೆ ಬಿಡುವುದು ಹೇಗೆ ಎಂಬ ವಾದವೂ ಅದನ್ನು ಮುಂದಕ್ಕೆ ನೂಕಿತು. 1976ರಲ್ಲಿ ಪ್ರಯಾಣಿಕರ ಸೇವೆ ಆರಂಭವಾದಾಗ ಅದನ್ನು ಹಾರಿಸಿದ್ದು ಆ ಎರಡು ದೇಶಗಳ ವಿಮಾನ ಸಂಸ್ಥೆಗಳು ಮಾತ್ರ. 2003ರಲ್ಲಿ ಹಾರಾಟ ನಿಂತಿತು.

ವ್ಯವಹಾರ ಬಲ್ಲವರೂ ಇದರಲ್ಲಿ ಸಿಕ್ಕಿಕೊಳ್ಳುವುದು ಏಕೆ?

1985ರಲ್ಲಿ ಆರ್ಕಿಸ್ ಮತ್ತು ಬ್ಲೂಮರ್ ಎಂಬ ಇಬ್ಬರು ಸಂಶೋಧಕರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಅಮೆರಿಕದ ಓಹಾಯೊ ವಿಶ್ವವಿದ್ಯಾಲಯದ ರಂಗಮಂದಿರದಲ್ಲಿ ಇಡೀ ಋತುವಿನ ನಾಟಕಗಳ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ತಿ 15 ಡಾಲರ್ ತೆಗೆದುಕೊಂಡರು, ಕೆಲವರಿಗೆ 2 ಡಾಲರ್, ಇನ್ನು ಕೆಲವರಿಗೆ 7 ಡಾಲರ್ ರಿಯಾಯಿತಿ ಕೊಟ್ಟರು. ಯಾರಿಗೆ ಎಷ್ಟು ಎಂಬುದು ಚೀಟಿ ಎತ್ತಿದಂತೆ. ಟಿಕೆಟ್ ಕೈಗೆ ಬಂದ ಮೇಲೆ ಎಲ್ಲರ ಮುಂದಿದ್ದದ್ದೂ ಅವೇ ನಾಟಕಗಳು. ಆದರೂ ಋತುವಿನ ಮೊದಲರ್ಧದಲ್ಲಿ ಪೂರ್ತಿ ಬೆಲೆ ಕೊಟ್ಟವರು ಹೆಚ್ಚು ನಾಟಕಗಳಿಗೆ ಬಂದರು. ಎರಡನೆಯ ಅರ್ಧದಲ್ಲಿ ಆ ವ್ಯತ್ಯಾಸ ಮಾಸಿಹೋಯಿತು.

ಎರಡನೆಯ ಸಂಗತಿಯೇ ನನಗೆ ಹೆಚ್ಚು ಹಿಡಿಸುವುದು. ತೆತ್ತ ದುಡ್ಡಿನ ಉರಿ ಕಾಲ ಕಳೆದಂತೆ ತಾನೇ ಆರುತ್ತದೆ. ಆದರೆ ವ್ಯಾಪಾರದಲ್ಲಿ ಆರಲು ಬಿಡುವುದಿಲ್ಲ, ಪ್ರತಿ ತಿಂಗಳೂ ಹೊಸದಾಗಿ ಸ್ವಲ್ಪ ಸುರಿಯುತ್ತೇವಲ್ಲ. ಜೊತೆಗೆ ಮುಚ್ಚಿದ ದಿನ ಬೀದಿಗೆಲ್ಲ ಗೊತ್ತಾಗುತ್ತದೆ, ಕರಗುತ್ತಿರುವುದು ಯಾರಿಗೂ ಗೊತ್ತಾಗುವುದಿಲ್ಲ. ಬೇಕರಿಯ ಮಾಲೀಕರು ಮಾವನ ಮನೆಯವರ ಎದುರು ಏನು ಹೇಳುವುದು ಎಂದು ಕೇಳಿದ್ದೂ ಉಂಟು. ಅದಕ್ಕೆ ಲೆಕ್ಕದಲ್ಲಿ ಉತ್ತರವಿಲ್ಲ.

ನಾನು ಸಿಕ್ಕಿಕೊಂಡಿದ್ದೇನೆಯೇ ಎಂದು ತಿಳಿಯುವುದು ಹೇಗೆ?

ಒಂದೇ ಪ್ರಶ್ನೆ ಸಾಕು. ಈ ಅಂಗಡಿ ನಿಮ್ಮದಲ್ಲ, ಬೇರೆಯವರದು. ಇದ್ದ ಹಾಗೆಯೇ 5 ಲಕ್ಷಕ್ಕೆ ಕೊಡುತ್ತೇನೆ ಎಂದು ಅವರು ಇಂದು ನಿಮ್ಮ ಬಳಿ ಬಂದರೆ ಕೊಳ್ಳುತ್ತೀರಾ? ಕೊಳ್ಳುವುದಿಲ್ಲ ಎಂದಾದರೆ, ಪ್ರತಿದಿನ ಬಾಗಿಲು ತೆರೆಯುವಾಗ ಅದನ್ನು ಮತ್ತೆ ಕೊಳ್ಳುತ್ತಿದ್ದೀರಿ. ಬೆಲೆ 14 ಲಕ್ಷ ಎಂದು ಮಾತ್ರ ಹಾಕಿಕೊಳ್ಳಬೇಡಿ, ಇಂದು ಕೈಗೆ ಬರುವ ಮೊತ್ತವನ್ನೇ ಹಾಕಿ.

ಇಂಟೆಲ್ ಕಂಪನಿ 1985ರಲ್ಲಿ ಮೆಮೊರಿ ಚಿಪ್ ವ್ಯಾಪಾರದಲ್ಲಿ ಜಪಾನಿನ ಕಂಪನಿಗಳಿಂದ ಪೆಟ್ಟು ತಿನ್ನುತ್ತಿದ್ದಾಗ ಆಂಡಿ ಗ್ರೋವ್ ಇಂಥದ್ದೇ ಪ್ರಶ್ನೆಯನ್ನು ಗಾರ್ಡನ್ ಮೂರ್ ಅವರಿಗೆ ಕೇಳಿದರು: ನಮ್ಮನ್ನು ತೆಗೆದು ಹೊಸ ಮುಖ್ಯಸ್ಥನನ್ನು ತಂದರೆ ಅವನು ಏನು ಮಾಡುತ್ತಾನೆ? ಮೆಮೊರಿಯಿಂದ ಹೊರಬರುತ್ತಾನೆ ಎಂದರು ಮೂರ್. ಹಾಗಾದರೆ ಅದನ್ನು ನಾವೇ ಏಕೆ ಮಾಡಬಾರದು ಎಂದುಕೊಂಡು ಆ ವ್ಯಾಪಾರ ಬಿಟ್ಟು ಪ್ರೊಸೆಸರ್ ಕಡೆ ತಿರುಗಿದರು. ಕಂಪನಿ ಬೆಳೆದದ್ದೇ ಮೆಮೊರಿಯಿಂದ, ಹಾಗಾಗಿ ಅದು ಸುಲಭದ ತೀರ್ಮಾನವಾಗಿರಲಿಲ್ಲ.

ದಿನನಿತ್ಯದ ಸಣ್ಣ ತೀರ್ಮಾನಗಳಿಗೂ ಇದು ಬೇಕೇ?

ಬೇಕು, ಅಲ್ಲಿಯೇ ಹೆಚ್ಚು ಬಾರಿ ಬರುತ್ತದೆ. ಸಂಜೆ ಉಳಿದ ಬ್ರೆಡ್ಡನ್ನು ನೋಡಿ. 40 ರೂಪಾಯಿಗೆ ಮಾರುವ ಒಂದು ಪೌಂಡಿಗೆ ಮಾಡಿದ ಖರ್ಚು 24 ರೂಪಾಯಿ. ಹೋಟೆಲಿನವರೊಬ್ಬರು ಉಳಿದದ್ದನ್ನೆಲ್ಲ 20ಕ್ಕೆ ಕೇಳುತ್ತಾರೆ. ‘ಅಸಲೇ 24 ಬಿದ್ದಿದೆ, ಹೇಗೆ ಕೊಡಲಿ?’ ಎನ್ನುವ ಉತ್ತರ ತಪ್ಪು, ಆ 24 ಬೆಳಿಗ್ಗೆಯೇ ಓವನ್ನಿನಲ್ಲಿ ಮುಳುಗಿತು. ಆದರೆ 20ಕ್ಕೆ ಕೊಟ್ಟುಬಿಡುವುದೂ ಸರಿಯಾಗಬೇಕಿಲ್ಲ. ಅದೇ ಬ್ರೆಡ್ಡನ್ನು ಕೊಯ್ದು ಮತ್ತೆ ಸುಟ್ಟು ರಸ್ಕ್ ಮಾಡಿದರೆ ಗ್ಯಾಸು, ಕೂಲಿ ಕಳೆದು 26 ಬರುತ್ತದೆ ಎಂದಾದರೆ, ಹೋಟೆಲಿನವರಿಗೆ ಹೇಳಬೇಕಾದ ಕನಿಷ್ಠ ಬೆಲೆ 26. ರಸ್ಕ್ ಹೋಗದ ಮಳೆಗಾಲದ ವಾರದಲ್ಲಿ, ಬೇರೆ ದಾರಿಯೇ ಇಲ್ಲದಿದ್ದರೆ, 10 ಬಂದರೂ ಲಾಭ. ಸಂಜೆ ಅಗ್ಗವಾಗುತ್ತದೆಂದು ಬೆಳಗಿನ ಗಿರಾಕಿಗಳೂ ಕಾಯತೊಡಗಿದರೆ ಮಾತ್ರ ಲೆಕ್ಕ ಬೇರೆ.

ಗೋದಾಮಿನ ಸರಕಿಗೂ ಇದೇ ಮಾತು. ವನಸ್ಪತಿ ಡಬ್ಬ 1,900ಕ್ಕೆ ಕೊಂಡಿದ್ದೀರಿ, ಈಗ 2,200 ಆಗಿದೆ. ‘ನನ್ನದು ಹಳೆಯ ರೇಟಿನ ಸರಕು’ ಎಂದು ದೊಡ್ಡ ಆರ್ಡರಿಗೆ ಹಳೆಯ ಬೆಲೆಯನ್ನೇ ಹೇಳಿದರೆ, ಖಾಲಿಯಾದ ಡಬ್ಬವನ್ನು 2,200 ಕೊಟ್ಟು ತುಂಬಿಸುವವರು ನೀವೇ. ಬೆಲೆ 1,600ಕ್ಕೆ ಇಳಿದಾಗ 1,900 ಹಿಡಿದು ಕೂತು ಆರ್ಡರು ಕಳೆದುಕೊಳ್ಳುವುದು ಇದರ ಮಗ್ಗುಲಿನ ತಪ್ಪು.

ಸ್ವಂತ ಕಟ್ಟಡವಾದರೆ ಬಾಡಿಗೆಯ ಖರ್ಚು ಇಲ್ಲವಲ್ಲ?

ಬಾಡಿಗೆ ಕೊಡುವುದಿಲ್ಲ, ಆದರೆ ಬರಬಹುದಾದ ಬಾಡಿಗೆಯನ್ನು ಬಿಡುತ್ತಿದ್ದೀರಿ. ಇವರ ಹಳೆಯ ಅಂಗಡಿಯಲ್ಲಿ ತಿಂಗಳಿಗೆ 45,000 ಉಳಿಯುತ್ತಿತ್ತು. ಆ ಜಾಗಕ್ಕೆ 25,000 ಬಾಡಿಗೆ ಬರುತ್ತಿತ್ತು. ಅವರೇ ಬೇರೆ ಬೇಕರಿಯಲ್ಲಿ ಮಾಸ್ಟರ್ ಆಗಿ ದುಡಿದರೆ 28,000 ಸಂಬಳ. ಕೂಡಿದರೆ 53,000. ಅಂದರೆ ತಂದೆಯ ಕಾಲದ, ಎಲ್ಲರೂ ಹೊಗಳುತ್ತಿದ್ದ ಆ ಅಂಗಡಿಯೇ 8,000 ಹಿಂದಿತ್ತು. ಇದನ್ನು ತೋರಿಸಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮುಚ್ಚಿ ಎಂದು ನಾನು ಹೇಳಲಿಲ್ಲ. ಇನ್ನೊಬ್ಬರ ಕೈಕೆಳಗೆ ದುಡಿಯದೆ ಇರುವುದಕ್ಕೆ ತಿಂಗಳಿಗೆ 8,000 ಕೊಡುವುದು ಸರಿಯೆನಿಸಿದರೆ ಅದು ಅವರ ಆಯ್ಕೆ, ಬೆಲೆ ಗೊತ್ತಿರಬೇಕು ಅಷ್ಟೆ. ಹಾಸ್ಟೆಲ್ ಆರ್ಡರು ಹಿಡಿದರೆ 45,000 ಎಂಬುದು 67,000 ಆಗಿ ಚಿತ್ರವೇ ಬದಲಾಗುತ್ತದೆ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದು ತೋರಿಸಿದೆ.

ಹಳೆಯ ಖರೀದಿ ಬೆಲೆ ಎಲ್ಲಿಯೂ ಬೇಡವೇ?

ಆದಾಯ ತೆರಿಗೆಯಲ್ಲಿ ಬೇಕು. ಯಂತ್ರ ಮಾರುವಾಗ ಪುಸ್ತಕದಲ್ಲಿ ಉಳಿದಿರುವ ಮೌಲ್ಯಕ್ಕೂ ಬಂದ ಬೆಲೆಗೂ ಇರುವ ಅಂತರ ಮುಂದಿನ ತೆರಿಗೆಯನ್ನು ಬದಲಿಸಬಹುದು, ಹಾಗಾಗಿ ಮಾರುವ ಮೊದಲೇ ನಿಮ್ಮ ಲೆಕ್ಕಿಗರನ್ನು ಕೇಳಿ. ಮುಂದಿನ ಸಲ ಇಂಥದ್ದೇ ಅಂಗಡಿ ತೆರೆಯುವಾಗ ಅಂದಾಜು ಹಾಕಲೂ ಹಳೆಯ ಬಿಲ್ಲುಗಳು ಬೇಕು.

ಕೊನೆಗೆ ಆ ಬೇಕರಿ ಏನಾಯಿತು?

ಲೆಕ್ಕ ಹಾಕಿದ್ದು ಅಕ್ಟೋಬರಿನಲ್ಲಿ. ಬಸ್ ನಿಲ್ದಾಣದ ರಸ್ತೆಯಲ್ಲಿ ಡಿಸೆಂಬರ್ ಕೊನೆಯ ವಾರದ ಕೇಕ್ ಮಾರಾಟವೊಂದೇ ಎರಡು ತಿಂಗಳ ಕೊರತೆಯನ್ನು ತುಂಬುವಂತಿತ್ತು, ಆದ್ದರಿಂದ ಹೊಸ ವರ್ಷ ಕಳೆಯುವವರೆಗೆ ನಡೆಸಿ ಜನವರಿಯಲ್ಲಿ ಖಾಲಿ ಮಾಡಿದರು. ಓವನ್ ಮತ್ತು ಫ್ರಿಜ್ ಮಾರಿದರು. ಮಿಕ್ಸರಿಗೆ 60,000 ಎಂದು ಬಂದ ಗಿರಾಕಿಯನ್ನು ಮಾತ್ರ ವಾಪಸು ಕಳಿಸಿದರು. ಹಾಸ್ಟೆಲ್ ಆರ್ಡರಿಗೆ ಹಳೆಯ ಅಂಗಡಿಯಲ್ಲಿ ಹೇಗೂ ಒಂದು ಮಿಕ್ಸರ್ ಬೇಕಿತ್ತು, ಅಂಥದ್ದೇ ಹಳೆಯದನ್ನು ಹೊರಗೆ ಕೊಂಡಿದ್ದರೆ 75,000 ಆಗುತ್ತಿತ್ತು. ಒಂದೂವರೆ ಲಕ್ಷ ಕೊಟ್ಟು ತಂದದ್ದು ಎಂಬ ಮಾತನ್ನು ಆ ದಿನ ಅವರು ಎತ್ತಲಿಲ್ಲ.